ಪೀಪಾಯಿಯಿಂದ ಹೊರಟ ಟನ್ನು

ಮಂಡ್ಯದ ಕಬ್ಬು ಬೆಳೆಗಾರರಿಗೆ ಟನ್ನು ಎಂದರೆ ತೂಕ. ಗಾಡಿ ವೇಬ್ರಿಡ್ಜ್ ಹತ್ತಿ ಇಳಿದರೆ ಲೆಕ್ಕ ಮುಗಿಯಿತು. ಹಡಗಿನವರ ಟನ್ನು ಅಷ್ಟು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಹಡಗಿನಲ್ಲಿ ಬಹುಕಾಲ ದುಡಿದ ನನ್ನ ಬಳಿಗೆ ಕಿರಿಯ ಅಧಿಕಾರಿಗಳು ತಮ್ಮ ಸೇವಾಪಟ್ಟಿ ತಂದು ತೋರಿಸುವುದುಂಟು. ಅದರಲ್ಲಿ ನಾನು ಮೊದಲು ಹುಡುಕುವುದು ಈ ಪದವನ್ನೇ.

ಮೂಲದಲ್ಲಿ ಇದು ದ್ರಾಕ್ಷಾರಸ ತುಂಬುವ ದೊಡ್ಡ ಮರದ ಪೀಪಾಯಿಯ ಹೆಸರು. ಇಂಗ್ಲಿಷಿನಲ್ಲಿ ಅದು ‘ಟನ್’, ಫ್ರೆಂಚಿನಲ್ಲಿ ‘ತೊನೊ’. ಬೋರ್ಡೋದಿಂದ ಇಂಗ್ಲೆಂಡಿಗೆ ಹೋಗುವ ಹಡಗು ಎಷ್ಟು ದೊಡ್ಡದು ಎಂದು ಕೇಳಿದರೆ, ಎಷ್ಟು ಪೀಪಾಯಿ ಹಿಡಿಸುತ್ತದೆ ಎಂಬುದೇ ಉತ್ತರವಾಗಿತ್ತು. 14ನೇ ಶತಮಾನದ ಹೊತ್ತಿಗೆ ಸುಂಕವನ್ನೂ ಪೀಪಾಯಿಯ ಲೆಕ್ಕದಲ್ಲೇ ಹಾಕುತ್ತಿದ್ದರು. ನಮ್ಮ ‘ಪೀಪಾಯಿ’ ಪೋರ್ಚುಗೀಸರ ‘ಪಿಪ’ದಿಂದ ಬಂದದ್ದು. ಅದೂ ದ್ರಾಕ್ಷಾರಸದ ಪಾತ್ರೆಯೇ. ಇಂಗ್ಲಿಷರ ಹಳೆಯ ಅಳತೆಯಲ್ಲಿ ಅದರ ದಾಯಾದಿ ‘ಪೈಪ್’ ಒಂದು ಟನ್ನಿನ ಅರ್ಧ.

ತುಂಬಿದ ಪೀಪಾಯಿಗೆ ಗಾತ್ರವೂ ಇದೆ, ಭಾರವೂ ಇದೆ. ಪದ ಕವಲೊಡೆದದ್ದು ಅಲ್ಲಿಯೇ. ಭಾರದ ಕವಲು ಕಬ್ಬಿನ ಗಾಡಿಯವರೆಗೆ ಬಂತು. ಗಾತ್ರದ ಕವಲು ಹಡಗಿನಲ್ಲೇ ಉಳಿಯಿತು. ಧಾನ್ಯ ಅಳೆಯುವ ನಮ್ಮ ಖಂಡುಗ, ಅಷ್ಟು ಬೀಜ ಬಿತ್ತುವ ಗದ್ದೆಯ ಅಳತೆಯೂ ಆಗಲಿಲ್ಲವೇ? ಹಾಗೆಯೇ ಇದು. 1854ರ ಬ್ರಿಟಿಷ್ ಕಾಯ್ದೆಯಲ್ಲಿ 100 ಘನ ಅಡಿ ಒಳಜಾಗಕ್ಕೆ ಒಂದು ಟನ್ನು ಎಂದು ಗೊತ್ತಾಯಿತು. 1969ರಲ್ಲಿ ಲಂಡನ್ನಿನಲ್ಲಿ ಒಪ್ಪಿ 1982ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ‘ಗ್ರಾಸ್ ಟನೇಜ್’, ಅಂದರೆ ಜಿಟಿ, ತೂಕವೂ ಅಲ್ಲ, ಘನ ಅಡಿಯೂ ಅಲ್ಲ. ಹಡಗಿನ ಮುಚ್ಚಿದ ಜಾಗದ ಒಟ್ಟು ಘನಮೀಟರನ್ನು V ಎಂದಿಟ್ಟುಕೊಂಡರೆ ಅದರ ಸೂತ್ರ ಹೀಗಿದೆ:

GT = V × (0.2 + 0.02 log₁₀ V)

10,000 ಘನಮೀಟರಿನ ಹಡಗಿಗೆ ಗುಣಕ 0.28, ಜಿಟಿ 2,800. ಅದೊಂದು ಬರಿಯ ಸಂಖ್ಯೆ, ಮುಂದೆ ಏಕಮಾನವಿಲ್ಲ. ಹಡಗು ಹೊರಬಲ್ಲ ಸರಕು, ಇಂಧನ, ನೀರು, ದಿನಸಿಯ ತೂಕ ಬೇರೆಯೇ. ಅದು ಡೆಡ್‌ವೇಟ್, ಅಂದರೆ ಡಿಡಬ್ಲ್ಯುಟಿ. ಅದನ್ನು ಹೇಳುವುದು ನಿಜವಾದ ಟನ್ನುಗಳಲ್ಲಿ.

ಕಾರವಾರದ ಕಡೆಯ ಒಬ್ಬ ಹುಡುಗ ತನ್ನ ಪಟ್ಟಿಯಲ್ಲಿ ‘ಜನರಲ್ ಕಾರ್ಗೋ, 4,200 ಟನ್, ಚೀಫ್ ಆಫೀಸರ್’ ಎಂದು ಬರೆದಿದ್ದ. ಅದು ಡೆಡ್‌ವೇಟ್; ಹಡಗಿನ ಜಿಟಿ 2,800. ನೇಮಕಾತಿ ಕಚೇರಿಯ ಗುಮಾಸ್ತರು ಹಡಗು ಹತ್ತಿದವರಲ್ಲ. ಟನ್ ಎಂದು ಕಂಡದ್ದನ್ನು ಜಿಟಿ ಕಾಲಮ್ಮಿಗೆ ಹಾಕಿಕೊಂಡರು. ಎಸ್‌ಟಿಸಿಡಬ್ಲ್ಯು ಒಪ್ಪಂದದಲ್ಲಿ ಕ್ಯಾಪ್ಟನ್ ಮತ್ತು ಚೀಫ್ ಆಫೀಸರರ ಅರ್ಹತಾಪತ್ರಕ್ಕೆ 3,000 ಜಿಟಿ ಒಂದು ಗಡಿ. ಅವನು ಅರ್ಜಿ ಹಾಕಿದ್ದ ಕಂಪನಿಗೆ ಗಡಿಯಾಚೆಯ ಹಡಗಿನ ಅನುಭವವೇ ಬೇಕಿತ್ತು. ಸಂದರ್ಶನ ಮುಗಿದು, ಸೇವಾಪತ್ರಗಳನ್ನು ತಾಳೆ ನೋಡುವಾಗ 2,800 ಹೊರಬಿತ್ತು. ಹುಡುಗ ಸುಳ್ಳು ಬರೆದಿದ್ದಾನೆ ಎಂದೇ ಅವರು ತೀರ್ಮಾನಿಸಿದರು. ಅವನು ಬರೆದ ಅಂಕಿ ಮಾತ್ರ ಸರಿಯಾಗಿಯೇ ಇತ್ತು.

ಕಾರು ಸಾಗಿಸುವ ಹಡಗಿನವರಿಗೆ ಇದೇ ತಪ್ಪು ತಿರುವುಮುರುವು. ಅಲ್ಲಿ ಜಾಗ ಅಪಾರ, ಸರಕಿನ ತೂಕ ಕಡಿಮೆ. ಡೆಡ್‌ವೇಟಿಗಿಂತ ಜಿಟಿ ಎರಡು ಮೂರು ಪಟ್ಟು ಇರುವುದುಂಟು. ಡೆಡ್‌ವೇಟ್ ಮಾತ್ರ ಬರೆದರೆ ದೊಡ್ಡ ಹಡಗಿನ ಅನುಭವ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ಹಡಗಿನ ಬಗೆಯೂ ಅಂಕಿಯ ಪಕ್ಕದಲ್ಲೇ ಇರಬೇಕು.

ಹುಡುಗನ ಸಾಲನ್ನು ನಾವಿಬ್ಬರೂ ಕೂತು ತಿದ್ದಿದೆವು. ಹಡಗಿನ ಹೆಸರು, ಏಳಂಕಿಯ ಐಎಂಒ ಸಂಖ್ಯೆ, ಬಗೆ ಜನರಲ್ ಕಾರ್ಗೋ, ಜಿಟಿ 2,800, ಡಿಡಬ್ಲ್ಯುಟಿ 4,200, ಹುದ್ದೆ. ಆಮೇಲೆ ಸಿಡಿಸಿಯಲ್ಲಿ ಇರುವಂತೆಯೇ ಹಡಗು ಹತ್ತಿದ ಮತ್ತು ಇಳಿದ ತಾರೀಖು, ಕೊನೆಗೆ ಒಟ್ಟು ತಿಂಗಳು ಮತ್ತು ದಿನ. ಐಎಂಒ ಸಂಖ್ಯೆ ಇದ್ದರೆ ದಡದಲ್ಲಿ ಕೂತವರೂ ಉಳಿದದ್ದನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. ಅರ್ಹತಾಪತ್ರದ ಹೆಸರಿನ ಕೆಳಗೆ ಅದರ ಜಿಟಿ ಮಿತಿಯನ್ನೂ, ಮಿತಿ ಇಲ್ಲದಿದ್ದರೆ ಇಲ್ಲವೆಂದೂ ಬರೆಸಿದೆ. ಮಿತಿ ಇಲ್ಲದ ಪತ್ರ ಕೈಯಲ್ಲಿದ್ದರೂ ದುಡಿದದ್ದು ಚಿಕ್ಕ ಹಡಗಿನಲ್ಲೇ ಆಗಿರಬಹುದು. ಅವೆರಡನ್ನು ಒಂದೇ ಸಾಲಿನಲ್ಲಿ ಬೆರೆಸಬಾರದು. ಕೆಲವು ಅರ್ಜಿಗಳಲ್ಲಿ ಇನ್ನೂ ಹಳೆಯ ‘ಜಿಆರ್‌ಟಿ’ ಎಂಬ ಕಾಲಮ್ಮಿದೆ. ಈಗಿನ ಹಡಗಿಗೆ ಅಲ್ಲಿಯೂ ಜಿಟಿಯನ್ನೇ ಬರೆಯಬೇಕು.

ಜಿಟಿ ಎಷ್ಟು ಎಂದು ಯಾರನ್ನೂ ಕೇಳಬೇಕಿಲ್ಲ. ಅದು ಹಡಗಿನ ಅಂತರರಾಷ್ಟ್ರೀಯ ಟನೇಜ್ ಪ್ರಮಾಣಪತ್ರದಲ್ಲಿ ಅಚ್ಚಾಗಿರುತ್ತದೆ. ಹಡಗಿನಿಂದ ಇಳಿಯುವ ಮುನ್ನ ಅದನ್ನು ನೋಡಿ ಬರೆದುಕೊಳ್ಳಿ; ಪಟ್ಟಿಯಲ್ಲಿ ಬರಿಯ ‘ಟನ್’ ಎಂದು ಮಾತ್ರ ಬರೆಯಬೇಡಿ.