ವಿಜಯಪುರದ ರೇಷ್ಮೆ ‘ಸಿಲ್ಕ್ ರೋಡ್’ನಿಂದ ಬಂತೇ? ಹಳೇ ವ್ಯಾಪಾರದ ದಾರಿಗಳು ಏನನ್ನು ತಂದವು, ಏನನ್ನು ತರಲಿಲ್ಲ

ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಅಂದರೆ ರೇಷ್ಮೆ ಗೂಡಿನ ಮಾರುಕಟ್ಟೆ, ರೀಲರ್‌ಗಳು, ನೂಲು. ಆದ್ದರಿಂದಲೇ ಈ ಊರಿನ ಹೆಸರಿನ ಜೊತೆ ‘ಸಿಲ್ಕ್ ರೋಡ್’ ಅನ್ನು ಸೇರಿಸಿ ಮಾತಾಡುವುದು ಸುಲಭ. ವಾಟ್ಸ್ಆ್ಯಪ್‌ನಲ್ಲಿ ಇಂಥ ಮಾತುಗಳು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಬರುತ್ತವೆ: ನಮ್ಮ ರೇಷ್ಮೆ ಚೀನಾದಿಂದ ಸಿಲ್ಕ್ ರೋಡ್ ಹಿಡಿದು ಬಂತು; ನಮ್ಮ ಕನ್ನಡದ ವರ್ತಕರು ಪರ್ಷಿಯಾ ತನಕ ನಡೆದು ಹೋಗುತ್ತಿದ್ದರು; ಅದೇ ದಾರಿಯಲ್ಲಿ ಬಂದ ‘ಆ ಧರ್ಮದ’ ವ್ಯಾಪಾರಿಗಳೇ ಪ್ಲೇಗ್ ತಂದರು. ಮೊದಲಿನ ಎರಡರಲ್ಲಿ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ ಇದೆ. ಮೂರನೆಯದು ಅಪಾಯಕಾರಿ. ಒಂದೊಂದಾಗಿ ನೋಡೋಣ.

ಸಿಲ್ಕ್ ರೋಡ್ ಎಂಬ ಒಂದು ರಸ್ತೆ ಇತ್ತೇ?

ಇರಲಿಲ್ಲ. ಈ ಹೆಸರನ್ನು ಜನಪ್ರಿಯಗೊಳಿಸಿದವನು ಜರ್ಮನಿಯ ಭೂಗೋಳಶಾಸ್ತ್ರಜ್ಞ ರಿಕ್ಟ್‌ಹೋಫೆನ್, ಅದೂ 1877ರಲ್ಲಿ. ಆ ದಾರಿಗಳಲ್ಲಿ ನಡೆದ ವರ್ತಕರಿಗೆ ಈ ಹೆಸರೇ ಗೊತ್ತಿರಲಿಲ್ಲ. ಚೀನಾದಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಇದ್ದದ್ದು ಊರಿಂದ ಊರಿಗೆ, ಸಂತೆಯಿಂದ ಸಂತೆಗೆ ಹೋಗುವ ನೂರಾರು ದಾರಿಗಳು. ಒಬ್ಬ ವ್ಯಾಪಾರಿ ತನಗೆ ಗೊತ್ತಿರುವ ಒಂದು ಭಾಗ ನಡೆದು ಸರಕು ಮಾರಿ ಹಿಂದಿರುಗುತ್ತಿದ್ದ. ಕೊಂಡವನು ಮುಂದಿನ ಭಾಗಕ್ಕೆ ಒಯ್ಯುತ್ತಿದ್ದ. ಸರಕು ಸಾವಿರಾರು ಕಿಲೋಮೀಟರ್ ಹೋಗುತ್ತಿತ್ತು, ಮನುಷ್ಯರು ಬಹುತೇಕ ಹೋಗುತ್ತಿರಲಿಲ್ಲ.

ಹೀಗೆ ಕೈಯಿಂದ ಕೈಗೆ ದಾಟಿಸುವಾಗ ಬಟ್ಟೆ, ಮುತ್ತು, ಕರ್ಪೂರದಂಥ ನಿರ್ಜೀವ ವಸ್ತುಗಳಿಗೆ ತೊಂದರೆಯಿಲ್ಲ. ಗೋದಾಮಿನಲ್ಲಿ ಆರು ತಿಂಗಳು ಬಿದ್ದಿದ್ದರೂ ಮಾರಾಟವಾಗುತ್ತವೆ. ಜೀವ ಇರುವ ವಸ್ತುವಿನ ಕಥೆ ಬೇರೆ. ಅದಕ್ಕೆ ಪ್ರತಿ ನಿಲ್ದಾಣದಲ್ಲೂ ಬದುಕಲು ಆಸರೆ ಬೇಕು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದದ್ದು ಅರ್ಥವಾಗುತ್ತದೆ.

ಹಾಗಾದರೆ ರೇಷ್ಮೆ ನಮ್ಮಲ್ಲಿಗೆ ಬಂದದ್ದು ಹೇಗೆ?

ಬಟ್ಟೆ ಬಹಳ ಹಿಂದೆಯೇ ಬಂತು. ಕಾಳಿದಾಸನ ಶಾಕುಂತಲ ನಾಟಕದಲ್ಲೇ ‘ಚೀನಾಂಶುಕ’, ಅಂದರೆ ಚೀನಾದ ಬಟ್ಟೆ, ಎಂಬ ಪದವಿದೆ. ಆದರೆ ಬಟ್ಟೆ ಬಂದಿತೆಂದರೆ ಹುಳು ಸಾಕಣೆಯೂ ಬಂದಿತು ಎಂದಲ್ಲ.

ವಿಜಯಪುರದ ಸುತ್ತ ಹುಳು ಮೇಯಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಮ್ಮ ಹವೆಯ ತಳಿಗಳ ಮೊಟ್ಟೆ ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ. ಒಡೆದ ದಿನದಿಂದಲೇ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬೇಕು, ಬೇರೆ ಸೊಪ್ಪು ಕೊಟ್ಟರೆ ನಡೆಯುವುದಿಲ್ಲ. ಎತ್ತಿನ ಮೇಲೆ ಹೇರಿ ದಿನಕ್ಕೆ 15 ಕಿಲೋಮೀಟರ್ ನಡೆದರೆ ಹತ್ತು ದಿನಕ್ಕೆ ಆಗುವುದು 150 ಕಿಲೋಮೀಟರ್. ಅಷ್ಟರೊಳಗೆ ಸೊಪ್ಪಿನ ತೋಟ ಇರುವ ಊರು ಸಿಗದಿದ್ದರೆ ಹುಳು ಸತ್ತುಹೋಗುತ್ತದೆ. ಚಳಿಗಾಲ ಪೂರ್ತಿ ಒಡೆಯದೆ ಉಳಿಯುವ ತಳಿಗಳಿಗೆ ಮಾತ್ರ ದೂರದ ಪ್ರಯಾಣ ಸಾಧ್ಯ. ರೋಮ್‌ಗೆ ಶತಮಾನಗಳ ಕಾಲ ರೇಷ್ಮೆ ಬಟ್ಟೆ ಹೋಗುತ್ತಿದ್ದರೂ ಕಾನ್‌ಸ್ಟಾಂಟಿನೋಪಲ್‌ಗೆ ಮೊಟ್ಟೆಗಳು ತಲುಪಿದ್ದು ಸುಮಾರು 552ರಲ್ಲಿ. ಸನ್ಯಾಸಿಗಳು ತಂದರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ.

ಮೈಸೂರು ಸೀಮೆಗೆ ಹಿಪ್ಪುನೇರಳೆ ರೇಷ್ಮೆ ಸಾಕಣೆ ಬಂದದ್ದು ಅದಕ್ಕಿಂತ ಸಾವಿರದ ಇನ್ನೂರು ವರ್ಷ ತಡವಾಗಿ, 18ನೇ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. ಹುಳುಗಳನ್ನು ತರಿಸಲು ಆತ ಬಂಗಾಳದ ಕಡೆಗೆ ಜನರನ್ನು ಕಳಿಸಿದ್ದ. ಅಂದರೆ ವಿಜಯಪುರದ ಗೂಡಿನ ವ್ಯಾಪಾರದ ಬೇರು ಮಧ್ಯಕಾಲದ ಒಂಟೆ ಸಾಲುಗಳಲ್ಲಿಲ್ಲ.

ಕನ್ನಡದ ವರ್ತಕರು ಪರ್ಷಿಯಾಕ್ಕೆ ಹೋಗುತ್ತಿದ್ದರೇ?

ಇಲ್ಲಿ ಹೆಮ್ಮೆಪಡುವ ನಿಜವೂ ಇದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಮಧ್ಯಕಾಲದ ದಕ್ಷಿಣ ಭಾರತದ ಬಹುದೊಡ್ಡ ವರ್ತಕ ಸಂಘ. ಶಿಕಾರಿಪುರ ತಾಲ್ಲೂಕಿನ 11ನೇ ಶತಮಾನದ ಶಾಸನವೊಂದು ಅವರ ಸರಕುಗಳನ್ನು ಹೇಳುತ್ತದೆ: ಆನೆ, ಒಳ್ಳೆಯ ತಳಿಯ ಕುದುರೆ, ನೀಲ, ಮುತ್ತು, ವಜ್ರ, ಹವಳ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ. ಬಹುಪಾಲು ಎಲ್ಲವೂ ತೂಕ ಕಡಿಮೆ, ಬೆಲೆ ಹೆಚ್ಚು ಇರುವ ವಸ್ತುಗಳು. ಒಂದು ಎತ್ತಿನ ಹೇರು ಸುಮಾರು ನೂರು ಕಿಲೋ. ಐಹೊಳೆಯಿಂದ ಶಿಕಾರಿಪುರ ಸೀಮೆಗೆ ನೇರ ಗೆರೆ ಎಳೆದರೂ ಸುಮಾರು 200 ಕಿಲೋಮೀಟರ್, ಎತ್ತಿನ ನಡಿಗೆಯಲ್ಲಿ ಎರಡು ವಾರಕ್ಕೂ ಹೆಚ್ಚು. ಅಷ್ಟು ದಿನದ ಆಳಿನ ಊಟ, ದಾರಿಯ ಸುಂಕ, ಕಾವಲು ಎಲ್ಲ ಕಳೆದು ಲಾಭ ಉಳಿಯಬೇಕಾದರೆ ಹೇರಿನಲ್ಲಿ ರಾಗಿ ಇದ್ದರೆ ಆಗದು, ಕರ್ಪೂರ ಇರಬೇಕು.

ಕುಂಕುಮ ಕೇಸರಿ ಕಾಶ್ಮೀರದ ಕಡೆಯದು, ಕಸ್ತೂರಿ ಹಿಮಾಲಯದ್ದು, ಕರ್ಪೂರ ಆಗ್ನೇಯ ಏಷ್ಯಾದ್ದು. ಇವು ಮಲೆನಾಡಿನ ಅಂಚಿನ ಪೇಟೆಗೆ ಬಂದವು ಅನ್ನುವುದೇ ನಾವು ದೂರದ ಜಾಲಕ್ಕೆ ಸೇರಿದ್ದೆವು ಅನ್ನುವುದಕ್ಕೆ ಸಾಕ್ಷಿ.

ಈಗ ಉತ್ಪ್ರೇಕ್ಷೆಯ ಭಾಗ. ಅದೇ ಶಾಸನ ಸಂಘದವರು ಸುತ್ತಿದ ದೇಶಗಳ ಪಟ್ಟಿಯನ್ನೂ ಕೊಡುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸ ಎಲ್ಲ ಅದರಲ್ಲಿವೆ. ಫಾರ್ವರ್ಡ್ ಅಲ್ಲಿಗೇ ನಿಲ್ಲುತ್ತದೆ. ಆದರೆ ಪಟ್ಟಿ ಮುಂದುವರಿದು ಒಂಟಿ ಕಾಲಿನವರ ‘ಏಕಪಾದ’, ಜೋಲು ಕಿವಿಯವರ ‘ಲಂಬಕರ್ಣ’, ಹೆಂಗಸರೇ ಆಳುವ ‘ಸ್ತ್ರೀರಾಜ್ಯ’ಗಳನ್ನೂ ಹೇಳುತ್ತದೆ! ಅಂದರೆ ಇದು ಪ್ರವಾಸದ ದಿನಚರಿಯಲ್ಲ, ಸಂಘದ ಬಿರುದಾವಳಿ. ಇಂಥ ಪಟ್ಟಿಯಿಂದ ಒಂದು ಹೆಸರನ್ನು ಮಾತ್ರ ಕಿತ್ತು ಪುರಾವೆ ಎನ್ನುವುದು ಸರಿಯಲ್ಲ.

ಧರ್ಮಗಳು ಹೇಗೆ ಸಾಗಿದವು?

ಧರ್ಮ ಎತ್ತಿನ ಮೇಲೆ ಹೇರಿಕೊಂಡು ಬರುವಂಥದ್ದಲ್ಲ. ಅದನ್ನು ನಂಬುವವರು ಒಂದು ಊರಿನಲ್ಲಿ ನಿಲ್ಲಬೇಕು, ಅವರಿಗೆ ಅನ್ನ ಮತ್ತು ಸೂರು ಸಿಗಬೇಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಇದನ್ನು ನೋಡಬಹುದು. ಕಲ್ಯಾಣ ಚಾಲುಕ್ಯರ ಕಾಲದ ಈ ವ್ಯಾಪಾರದ ಪಟ್ಟಣದಲ್ಲಿ ಶಿವ, ವಿಷ್ಣು, ಬ್ರಹ್ಮ, ಜಿನ, ಬುದ್ಧ ಎಂಬ ಐವರಿಗೂ ಮಠಗಳಿದ್ದವು. ಅಲ್ಲಿಯ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕಾಳಾಮುಖ ಶೈವರ ಕೋಡಿಯ ಮಠದ ಬಗ್ಗೆ 1162ರ ಶಾಸನವಿದೆ. ಅಲ್ಲಿ ವೇದ, ವ್ಯಾಕರಣ, ಹಲವು ದರ್ಶನಗಳ ಪಾಠ ನಡೆಯುತ್ತಿತ್ತು, ಬಡವರಿಗೂ ಬೇರೆ ಬೇರೆ ದೇಶದ ಭಿಕ್ಷುಗಳಿಗೂ ಊಟ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಕೊಡುತ್ತಿದ್ದರು. ದೂರದಿಂದ ಬಂದವನು ಇಂಥಲ್ಲಿ ತಿಂಗಳುಗಟ್ಟಲೆ ಉಳಿಯಬಹುದಿತ್ತು. ವಿಚಾರಗಳು ಹರಡಿದ್ದು ಇಂಥ ತಂಗುವಿಕೆಯಿಂದ.

ವ್ಯಾಪಾರಿಗಳೇ ಪ್ಲೇಗ್ ತಂದರೇ?

ಮಧ್ಯ ಏಷ್ಯಾದ ಕಿರ್ಗಿಸ್ತಾನದಲ್ಲಿ ಇಸಿಕ್-ಕುಲ್ ಎಂಬ ಸರೋವರದ ಹತ್ತಿರ ಹಳೆಯ ಸ್ಮಶಾನಗಳಿವೆ. ಹೂತವರು ಪೂರ್ವ ದೇಶದ ಚರ್ಚಿಗೆ ಸೇರಿದ ಕ್ರೈಸ್ತರು. ಸಮಾಧಿ ಕಲ್ಲಿನ ಬರಹ ಸಿರಿಯಾಕ್ ಲಿಪಿಯಲ್ಲಿದೆ. ಗೋರಿಗಳಲ್ಲಿ ಹಿಂದೂ ಮಹಾಸಾಗರದ ಮುತ್ತು, ಮೆಡಿಟರೇನಿಯನ್ ಹವಳ ಸಿಕ್ಕಿವೆ. ಇಸವಿ ಇರುವ 467 ಕಲ್ಲುಗಳಲ್ಲಿ 118 ಕಲ್ಲುಗಳು 1338 ಮತ್ತು 1339, ಈ ಎರಡೇ ವರ್ಷದವು. ಕೆಲವದರ ಮೇಲೆ ‘ಪಿಡುಗಿನಿಂದ ಸತ್ತರು’ ಎಂದು ಬರೆದಿದೆ. 2022ರಲ್ಲಿ ವಿಜ್ಞಾನಿಗಳು ಅಲ್ಲಿನ ಹಲ್ಲುಗಳಿಂದ ಡಿಎನ್ಎ ತೆಗೆದು ನೋಡಿದಾಗ ಮೂವರಲ್ಲಿ ಪ್ಲೇಗ್ ಬ್ಯಾಕ್ಟೀರಿಯಾ, ಯೆರ್ಸಿನಿಯಾ ಪೆಸ್ಟಿಸ್, ಸಿಕ್ಕಿತು. 1347ರಿಂದ ಯುರೋಪನ್ನು ಕಾಡಿದ ‘ಕರಿ ಸಾವಿ’ನ ಮೂಲ ತಳಿಯೇ ಅದು.

ಒಂದೇ ಸ್ಮಶಾನದಲ್ಲಿ ದೂರದ ಸರಕು, ದೂರದ ಧರ್ಮ, ರೋಗ ಮೂರೂ ಇವೆ. ಆದರೆ ಮೂರೂ ಒಂದೇ ಬಗೆಯಲ್ಲಿ ಬಂದದ್ದಲ್ಲ. ಪ್ಲೇಗ್ ಬ್ಯಾಕ್ಟೀರಿಯಾ ಕಾಡು ದಂಶಕಗಳಲ್ಲಿ, ಇಲಿಗಳಲ್ಲಿ, ಅವುಗಳ ಮೈಮೇಲಿನ ಚಿಗಟಗಳಲ್ಲಿ ಬದುಕುತ್ತದೆ. ಚಿಗಟ ಕಚ್ಚಿದ ಮನುಷ್ಯ ಸಾಮಾನ್ಯವಾಗಿ ಒಂದು ವಾರದೊಳಗೆ ಹಾಸಿಗೆ ಹಿಡಿಯುತ್ತಾನೆ. ಆ ಕಾಲದ ನಡಿಗೆಯಲ್ಲಿ ಅದು ನೂರು ಕಿಲೋಮೀಟರ್. ಅಂದರೆ ರೋಗಿ ವರ್ತಕ ಖಂಡ ದಾಟಲಾರ. ರೇಷ್ಮೆ ಮೊಟ್ಟೆಗೆ ಸೊಪ್ಪಿನ ತೋಟ ಬೇಕಿದ್ದಂತೆ, ಈ ರೋಗಕ್ಕೆ ದಾರಿಯುದ್ದಕ್ಕೂ ಇಲಿ ಮತ್ತು ಚಿಗಟ ಬೇಕು. ಧಾನ್ಯದ ಮೂಟೆ ಇರುವ ಕಡೆ ಇಲಿ ಇರುತ್ತದೆ.

ಯುರೋಪಿನವರಿಗೆ ಆಗ ಇದು ತಿಳಿದಿರಲಿಲ್ಲ. ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆಂಬ ಪುಕಾರು ಹಬ್ಬಿತು. ಫೆಬ್ರವರಿ 1349ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಯಹೂದಿಗಳನ್ನು ಸುಟ್ಟು ಕೊಂದರು. ಪ್ಲೇಗ್ ಮಾತ್ರ ನಿಲ್ಲಲಿಲ್ಲ. ‘ಆ ಧರ್ಮದವರು ರೋಗ ತಂದರು’ ಎಂಬ ಫಾರ್ವರ್ಡ್ ಆ ಹಳೇ ಪುಕಾರಿನದೇ ಮರಿ. ಇಸಿಕ್-ಕುಲ್‌ನಲ್ಲಿ ಮೊದಲು ಸತ್ತವರಲ್ಲಿ ಅಲ್ಲಿ ನೆಲೆಸಿದ್ದ ಆ ಧರ್ಮದವರೇ ಇದ್ದರು.

ಆ ಪ್ಲೇಗ್ ನಮ್ಮಲ್ಲಿಗೂ ಬಂದಿತ್ತೇ?

1340ರ ದಶಕದ ಆ ಪ್ಲೇಗ್ ದಕ್ಷಿಣ ಭಾರತವನ್ನು ಮುಟ್ಟಿತ್ತು ಎನ್ನಲು ಗಟ್ಟಿ ಪುರಾವೆಯಿಲ್ಲ. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿ ಮುಟ್ಟಿ, ಅಲ್ಲಿಂದ ರೈಲಿನಲ್ಲಿ ಬೆಂಗಳೂರು ತಲುಪಿತು. ಹುಬ್ಬಳ್ಳಿ–ಬೆಂಗಳೂರು ರೈಲು ದಾರಿ ಸುಮಾರು 470 ಕಿಲೋಮೀಟರ್. ಎತ್ತಿನ ನಡಿಗೆಗೆ ಒಂದು ತಿಂಗಳು, ರೈಲಿಗೆ ಹೆಚ್ಚೆಂದರೆ ಒಂದೆರಡು ದಿನ. ಈಗ ಸೋಂಕು ತಗುಲಿದವನು ಕಾಯಿಲೆ ಕಾಣಿಸುವ ಮೊದಲೇ ಊರು ಸೇರಬಲ್ಲವನಾದ. ಮೂಟೆಗಳ ನಡುವಿನ ಇಲಿ, ಚಿಗಟಗಳೂ ಹಾಗೆಯೇ. ಅಗಲ ರಸ್ತೆಗಳ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದು, ಊರೂರಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲಿ.

ಗ್ರೂಪಿನಲ್ಲಿ ಉತ್ತರವಾಗಿ ಕಳಿಸಲು

ವಿಜಯಪುರದ ರೇಷ್ಮೆ ಸಾಕಣೆ ಸಿಲ್ಕ್ ರೋಡ್‌ನಿಂದ ಬಂದದ್ದಲ್ಲ, ಟಿಪ್ಪು ಕಾಲದ್ದು. ಐಹೊಳೆಯ ವರ್ತಕರು ದೂರದ ಜಾಲದಲ್ಲಿ ಇದ್ದದ್ದು ನಿಜ, ಆದರೆ ಶಾಸನದ ದೇಶಗಳ ಪಟ್ಟಿ ಹೊಗಳಿಕೆಯದು. ಪ್ಲೇಗ್ ತಂದದ್ದು ಯಾವ ಧರ್ಮವೂ ಅಲ್ಲ. ಇಲಿಯ ಮೈಮೇಲಿನ ಚಿಗಟ ಯಾರ ಜಾತಿ, ಧರ್ಮವನ್ನೂ ಕೇಳಿ ಕಚ್ಚಲಿಲ್ಲ.