‘ಬೆರೆಸಬೇಡಿ’ ಎಂದರೆ ಸಾಕೇ? ಶುಚಿ ರಾಸಾಯನಿಕಗಳ ಸೂಚನಾ ಹಾಳೆಯನ್ನು ಕಿರಿದಾಗಿಸುವಾಗ ಎಚ್ಚರಿಕೆಗಳ ಸ್ಥಿತಿ

ಆಸ್ಪತ್ರೆ, ಹಾಸ್ಟೆಲ್, ಕಚೇರಿಗಳಿಗೆ ಬ್ಲೀಚ್ ದ್ರಾವಣ ಬರುವುದು ಸಾಮಾನ್ಯವಾಗಿ ಐದು ಲೀಟರಿನ ಕ್ಯಾನುಗಳಲ್ಲಿ. ಅದರ ಸುರಕ್ಷತಾ ಮಾಹಿತಿ ಪತ್ರದಲ್ಲಿ ಹದಿನಾರು ಭಾಗಗಳಿರುತ್ತವೆ, ಹೆಚ್ಚಿನ ಸಲ ಅದು ಇಂಗ್ಲಿಷಿನಲ್ಲೇ ಇರುತ್ತದೆ, ಮತ್ತು ಉಗ್ರಾಣದ ಕಡತ ಬಿಟ್ಟು ಹೊರಗೆ ಬರುವುದಿಲ್ಲ. ಶೌಚಾಲಯ ತೊಳೆಯುವವರ ಕಣ್ಣಿಗೆ ಬೀಳುವುದು ಅದರಿಂದ ಯಾರೋ ಮೇಲ್ವಿಚಾರಕರು ಕಿರಿದುಗೊಳಿಸಿ ಗೋಡೆಗೆ ಅಂಟಿಸಿದ ಅರ್ಧ ಪುಟ. ಈ ಅರ್ಧ ಪುಟದಲ್ಲಿ ಅಳತೆಗಳು ಸಾಮಾನ್ಯವಾಗಿ ತಪ್ಪುವುದಿಲ್ಲ. ಶೇ. 5ರ ದ್ರಾವಣ ಒಂದು ಪಾಲು, ನೀರು ನಾಲ್ಕು ಪಾಲು, ಆಗ ಶೇ. 1ರ ದ್ರಾವಣ ಸಿದ್ಧ. ಈ ಸಾಲು ಬಿಟ್ಟುಹೋದರೆ ಮಾರನೆಯ ಬೆಳಿಗ್ಗೆಯೇ ಯಾರಾದರೂ ‘ನೀರು ಎಷ್ಟು ಹಾಕಬೇಕು?’ ಎಂದು ಕೇಳುತ್ತಾರೆ, ತಪ್ಪು ಸರಿಹೋಗುತ್ತದೆ. ಎಚ್ಚರಿಕೆಯ ಸಾಲು ಬಿಟ್ಟುಹೋದರೆ ಹಾಗೆ ಕೇಳುವವರು ಯಾರೂ ಇಲ್ಲ. ಕೆಲಸ ಎಂದಿನಂತೆ ಸಾಗುತ್ತದೆ, ತಿಂಗಳುಗಟ್ಟಲೆ ಏನೂ ಆಗದೆಯೂ ಇರಬಹುದು. ಸಂಕ್ಷೇಪದಲ್ಲಿ ಮೊದಲು ಸವೆಯುವುದು ಎಚ್ಚರಿಕೆಯೇ ಆಗಲು ಬರೆಯುವವರ ಅಸಡ್ಡೆಗಿಂತ ಈ ವ್ಯತ್ಯಾಸ ದೊಡ್ಡ ಕಾರಣ ಎಂದು ನನ್ನ ಎಣಿಕೆ. ಹೀಗೆ ಸವೆಯುವ ಎಚ್ಚರಿಕೆ ಪೂರ್ತಿ ಮಾಯವಾಗುವುದು ಕಡಿಮೆ. ಅದು ಹಾಳೆಯ ಮೇಲೆ ಉಳಿದಂತೆ ಕಾಣುತ್ತದೆ, ಆದರೆ ಕೈಯನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಬ್ಲೀಚ್ ಮತ್ತು ಆಸಿಡ್ ಕುರಿತ ಒಂದೇ ಒಂದು ಎಚ್ಚರಿಕೆಯನ್ನು ಹಿಡಿದು ಇದು ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬ್ಲೀಚ್ ದ್ರಾವಣದ ಸತ್ವ ಸೋಡಿಯಂ ಹೈಪೋಕ್ಲೋರೈಟ್. ಆಸ್ಪತ್ರೆಗಳಲ್ಲಿ ಇದನ್ನೇ ‘ಹೈಪೋ’ ಎನ್ನುತ್ತಾರೆ. ಇದು ಕ್ಷಾರೀಯ ದ್ರಾವಣ, ಕ್ಷಾರವಾಗಿರುವವರೆಗೆ ಕ್ಲೋರಿನ್ ಅದರೊಳಗೇ ಕಟ್ಟಿಕೊಂಡಿರುತ್ತದೆ. ಕಮೋಡಿನ ಹಳದಿ ಕರೆ ತೆಗೆಯಲು ಬಳಸುವ ದ್ರವಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಮ್ಲದಿಂದ ಮಾಡಿದವು. ಎರಡೂ ಸೇರಿದಾಗ ಕ್ಷಾರ ಮುರಿಯುತ್ತದೆ, ಕ್ಲೋರಿನ್ ಅನಿಲವಾಗಿ ಹೊರಬರುತ್ತದೆ:

```
NaOCl + 2HCl → NaCl + H2O + Cl2
```

ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಕಿಟಕಿ ಮೇಲಿದ್ದು ಬಾಗಿಲು ಮುಚ್ಚಿರುವ ಸಣ್ಣ ಶೌಚಾಲಯದಲ್ಲಿ ಅದು ನೆಲದ ಹತ್ತಿರ ತಂಗುತ್ತದೆ, ಅಂದರೆ ಬಗ್ಗಿ ಉಜ್ಜುತ್ತಿರುವವರ ಮುಖದ ಮಟ್ಟದಲ್ಲೇ. ಕಣ್ಣು ಉರಿ, ಗಂಟಲು ಕೆರೆತ, ಕೆಮ್ಮು ಕೂಡಲೇ ಬರುತ್ತವೆ. ಹೆಚ್ಚು ಉಸಿರಾಡಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ, ಅದು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಈಗ ಸಂಕ್ಷೇಪದ ಕೆಲಸಕ್ಕೆ ಬರೋಣ. ಉದಾಹರಣೆಗಾಗಿ ನಾನೇ ರಚಿಸಿಕೊಂಡ ಪೂರ್ಣ ಸೂಚನೆ ಹೀಗಿದೆ ಎಂದಿಟ್ಟುಕೊಳ್ಳಿ: ‘ಆಸಿಡ್ ಇರುವ ಕ್ಲೀನರ್ ಹಾಕಿದ ಕಮೋಡಿಗೆ ಬ್ಲೀಚ್ ಹಾಕಬಾರದು. ಮೊದಲು ಆಸಿಡ್ ಬಳಸಿದ್ದರೆ ಅದು ಪೂರ್ತಿ ಹೋಗುವವರೆಗೆ ನೀರು ಸುರಿದು ತೊಳೆಯಬೇಕು, ಆ ಮೇಲೆಯೇ ಬ್ಲೀಚ್ ಹಾಕಬೇಕು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.’ ಇದನ್ನು ಕಿರಿದುಗೊಳಿಸುವವರು ಬಹುಮಟ್ಟಿಗೆ ತಲುಪುವ ರೂಪ: ‘ಬೇರೆ ರಾಸಾಯನಿಕಗಳೊಂದಿಗೆ ಬೆರೆಸಬೇಡಿ.’ ಇನ್ನೊಂದು ಸುತ್ತು ಕತ್ತರಿ ಆಡಿಸಿದರೆ ಉಳಿಯುವುದು ‘ಎಚ್ಚರಿಕೆಯಿಂದ ಬಳಸಿ’ ಎಂಬಷ್ಟೇ. ಎರಡನೆಯದು ಏನನ್ನೂ ಹೇಳುವುದಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಮೊದಲನೆಯದು ಮಾತ್ರ ಮೋಸಗೊಳಿಸುವಷ್ಟು ಸರಿಯಾಗಿದೆ. ಅದರಲ್ಲಿ ಸುಳ್ಳಿಲ್ಲ, ಮೂಲದ ಸಾರವೂ ಇದೆ ಎನ್ನಿಸುತ್ತದೆ. ಆದರೆ ಶೌಚಾಲಯ ತೊಳೆಯುವ ಕ್ರಮವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಅಲ್ಲಿ ಯಾರೂ ಎರಡು ದ್ರವಗಳನ್ನು ಬಕೆಟಿನಲ್ಲಿ ಬೆರೆಸುವುದಿಲ್ಲ. ಮೊದಲು ಕಮೋಡಿನ ಅಂಚಿನ ಸುತ್ತ ಆಸಿಡ್ ಸುರಿದು ಬಿಡುತ್ತಾರೆ, ಹತ್ತು ನಿಮಿಷ ಕಳೆದು ಬ್ರಷ್‌ನಿಂದ ಉಜ್ಜುತ್ತಾರೆ, ಒಂದು ಮಗ್ ನೀರು ಹಾಕುತ್ತಾರೆ, ವಾಸನೆ ಹೋಗಲೆಂದು ಮೇಲೆ ಬ್ಲೀಚ್ ಸುರಿಯುತ್ತಾರೆ. ಆ ಒಂದು ಮಗ್ ನೀರು ಪಿಂಗಾಣಿಯ ಗೋಡೆಯನ್ನು ತೊಳೆದಿರಬಹುದು, ಆದರೆ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ನಿಂತಿರುವ ನೀರಿನಲ್ಲಿ ಆಸಿಡ್ ಇನ್ನೂ ಇದೆ. ಬೆರೆಯುವುದು ಅಲ್ಲಿ. ಕೆಲಸಗಾರರ ಮಟ್ಟಿಗೆ ಅವರು ಏನನ್ನೂ ಬೆರೆಸಿಲ್ಲ, ಒಂದಾದ ಮೇಲೊಂದು ಹಾಕಿದ್ದಾರೆ. ಹಾಳೆಯ ಸೂಚನೆಯನ್ನು ಅಕ್ಷರಶಃ ಪಾಲಿಸಿಯೇ ಅವರು ಅಪಾಯದಲ್ಲಿ ಸಿಕ್ಕಿಕೊಂಡಿದ್ದಾರೆ.

ಯುರೋಪಿಯನ್ ಒಕ್ಕೂಟದ 2008ರ ವರ್ಗೀಕರಣ ಮತ್ತು ಲೇಬಲ್ ನಿಯಮ ಈ ದೃಷ್ಟಿಯಿಂದ ಗಮನಾರ್ಹ. ಶೇ. 1ಕ್ಕಿಂತ ಹೆಚ್ಚು ಸಕ್ರಿಯ ಕ್ಲೋರಿನ್ ಇದ್ದು ಜನಸಾಮಾನ್ಯರಿಗೆ ಮಾರುವ ಪದಾರ್ಥಗಳ ಮೇಲೆ ಒಂದು ನಿರ್ದಿಷ್ಟ ವಾಕ್ಯ ಇರಲೇಬೇಕೆಂದು ಅದು ವಿಧಿಸುತ್ತದೆ. ಆ ವಾಕ್ಯ ‘ಬೆರೆಸಬೇಡಿ’ ಎನ್ನುವುದಿಲ್ಲ, ಬೇರೆ ಉತ್ಪನ್ನಗಳ ಜೊತೆಗೆ ಬಳಸಬೇಡಿ ಎನ್ನುತ್ತದೆ. ಹಿಂದೆಯೇ ಕ್ಲೋರಿನ್ ಅನಿಲ ಬರಬಹುದೆಂಬ ಕಾರಣವನ್ನೂ ಹೇಳುತ್ತದೆ. ‘ಬಳಸು’ ಎಂಬುದು ‘ಬೆರೆಸು’ ಎಂಬುದಕ್ಕಿಂತ ವಿಶಾಲವಾದ ಕ್ರಿಯೆ. ಒಂದಾದ ಮೇಲೊಂದು ಹಾಕುವುದೂ ಅದರೊಳಗೆ ಬರುತ್ತದೆ. ಸಂಕ್ಷೇಪಿಸುವವರು ಒಂದು ಕ್ರಿಯಾಪದದ ಬದಲು ಇನ್ನೊಂದನ್ನು ಹಾಕಿದಾಗ ಎಷ್ಟು ವ್ಯಾಪ್ತಿ ಕೈಬಿಟ್ಟುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಎಚ್ಚರಿಕೆ ಎಲ್ಲಿ ಕೂರುತ್ತದೆ ಎಂಬುದೂ ಅಷ್ಟೇ ಮುಖ್ಯ. ಮೈಕಲ್ ವೊಗಾಲ್ಟರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾಗವಹಿಸಿದವರಿಗೆ ಒಂದು ರಸಾಯನಶಾಸ್ತ್ರದ ಪ್ರಾತ್ಯಕ್ಷಿಕೆಯನ್ನು ಲಿಖಿತ ಸೂಚನೆಯಂತೆ ಮಾಡಲು ಕೊಡಲಾಗಿತ್ತು. ಎಚ್ಚರಿಕೆ ಸೂಚನೆಗಳ ಕೊನೆಯಲ್ಲಿದ್ದಾಗ ಪಾಲಿಸಿದವರಿಗಿಂತ ಮೊದಲಲ್ಲಿದ್ದಾಗ ಪಾಲಿಸಿದವರು ಹೆಚ್ಚು. ಜೆ. ಪಾಲ್ ಫ್ರಾಂಟ್ಸ್ 1994ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಚ್ಚರಿಕೆಗಳನ್ನು ಬೇರೊಂದು ಚೌಕದಲ್ಲಿ ಇಡುವ ಬದಲು ಬಳಕೆಯ ಹಂತಗಳ ಒಳಗೇ ಸೇರಿಸಿದಾಗ ಓದುವವರೂ ಪಾಲಿಸುವವರೂ ಹೆಚ್ಚುತ್ತಾರೆ ಎಂದು ತೋರಿಸಿದರು. ನಮ್ಮ ಅರ್ಧ ಪುಟಗಳಲ್ಲಿ ರೂಢಿ ಇದಕ್ಕೆ ತೀರ ವಿರುದ್ಧ. ಹಂತಗಳೆಲ್ಲ ಮುಗಿದ ಮೇಲೆ, ಹಾಳೆಯ ಅಡಿಯಲ್ಲಿ, ಉಳಿದ ಜಾಗದಲ್ಲಿ ‘ಸೂಚನೆ’ ಎಂಬ ತಲೆಬರಹದಡಿ ಎಚ್ಚರಿಕೆಗಳು ಗುಂಪುಗೂಡಿರುತ್ತವೆ. ನಾಲ್ಕನೆಯ ಹಂತದಲ್ಲಿ ಬ್ಲೀಚ್ ಸುರಿದಾದ ಮೇಲೆ ಒಂಬತ್ತನೆಯ ಸಾಲಿನಲ್ಲಿ ‘ಆಸಿಡ್ ಹಾಕಿದಲ್ಲಿ ಬ್ಲೀಚ್ ಬೇಡ’ ಎಂದು ಓದಿ ಏನು ಪ್ರಯೋಜನ?

ಕನ್ನಡದ ವಾಕ್ಯರಚನೆ ಇದಕ್ಕೆ ತನ್ನದೇ ಒಂದು ತೊಡಕನ್ನು ಸೇರಿಸುತ್ತದೆ. ನಮ್ಮಲ್ಲಿ ನಿಷೇಧ ಬರುವುದು ವಾಕ್ಯದ ತುದಿಯಲ್ಲಿ: ಹಾಕಬೇಡಿ, ಸುರಿಯಬಾರದು, ಮುಟ್ಟಕೂಡದು. ಸಣ್ಣ ಲೇಬಲಿನಲ್ಲಿ ಸಾಲು ಮುರಿದು ‘ವಾಂತಿ ಮಾಡಿಸ-’ ಎಂಬಲ್ಲಿ ನಿಂತು ‘ಬಾರದು’ ಎಂಬುದು ಕೆಳಗಿನ ಸಾಲಿಗೆ ಬಿದ್ದರೆ, ಅವಸರದ ಕಣ್ಣಿಗೆ ಅದು ವಿರುದ್ಧಾರ್ಥವನ್ನೇ ಕೊಡಬಹುದು. ಆಸಿಡ್ ಅಥವಾ ಬ್ಲೀಚ್ ನುಂಗಿದವರಿಗೆ ವಾಂತಿ ಮಾಡಿಸಿದರೆ ಗಂಟಲು ಎರಡನೆಯ ಸಲ ಸುಡುತ್ತದೆ, ಆದ್ದರಿಂದ ಇದು ಸಣ್ಣ ಮಾತಲ್ಲ. ಇನ್ನೊಂದು ತೊಡಕು ಕಾಲವಾಚಿ ಪ್ರತ್ಯಯಗಳದು. ‘ತೊಳೆದ ಮೇಲೆಯೇ’, ‘ಹೋಗುವವರೆಗೆ’, ‘ಹಾಕುವ ಮುನ್ನ’ ಎಂಬ ರೂಪಗಳಲ್ಲೇ ಸುರಕ್ಷತೆಯ ಅನುಕ್ರಮ ಅಡಗಿದೆ. ಟಿಪ್ಪಣಿಯ ಶೈಲಿಗೆ ಇಳಿಸಿ ‘ಆಸಿಡ್ ಹಾಕುವುದು, ತೊಳೆಯುವುದು, ಬ್ಲೀಚ್ ಹಾಕುವುದು’ ಎಂದು ಬರೆದ ಕೂಡಲೇ ಆ ಪ್ರತ್ಯಯಗಳು ಉದುರುತ್ತವೆ. ಎಲ್ಲಿಯವರೆಗೆ ತೊಳೆಯಬೇಕು ಎಂಬುದು ಓದುವವರ ಅಂದಾಜಿಗೆ ಬಿಟ್ಟ ವಿಷಯವಾಗುತ್ತದೆ. ‘ಬ್ಲೀಚ್ + ಆಸಿಡ್’ ಎಂದು ಬರೆದು ಪಕ್ಕದಲ್ಲಿ ಗುಣಾಕಾರದ ಗುರುತು ಹಾಕುವವರೂ ಇದ್ದಾರೆ. ಕೂಡಿಸುವ ಚಿಹ್ನೆಯೇ ಮೊದಲು ಕಣ್ಣಿಗೆ ಬೀಳುವ ಬರಹವನ್ನು ಎಚ್ಚರಿಕೆ ಎಂದು ನಂಬಲಾಗದು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೆಂದರೆ, ಎಲ್ಲ ಎಚ್ಚರಿಕೆಗಳನ್ನೂ ಉಳಿಸಿದರೆ ಹಾಳೆ ಮತ್ತೆ ಉದ್ದವಾಗುತ್ತದೆ, ಉದ್ದದ ಹಾಳೆಯನ್ನು ಯಾರೂ ಓದುವುದಿಲ್ಲ, ಹಾಗಾಗಿ ಉಳಿಸಿದ್ದೂ ವ್ಯರ್ಥ ಎಂಬುದು. ಇದನ್ನು ನಾನು ಒಪ್ಪುತ್ತೇನೆ. ಇಪ್ಪತ್ತು ಎಚ್ಚರಿಕೆಗಳ ನಡುವೆ ಪ್ರಾಣ ತೆಗೆಯುವ ಒಂದು ಎಚ್ಚರಿಕೆ ಅಡಗಿಹೋಗುವುದು ನಿಜ. ಆದರೆ ಇದರಿಂದ ಬರುವ ತೀರ್ಮಾನ ಎಲ್ಲವನ್ನೂ ಸಮನಾಗಿ ಮೊಟಕುಗೊಳಿಸಬೇಕೆಂಬುದಲ್ಲ, ಆಯ್ದು ತೆಗೆಯಬೇಕೆಂಬುದು. ಆಯ್ಕೆಗೆ ಎರಡು ಪ್ರಶ್ನೆಗಳು ಸಾಕು. ತಪ್ಪಿದರೆ ಆಗುವ ಹಾನಿ ಎಷ್ಟು ದೊಡ್ಡದು? ಆ ಅಪಾಯ ಕೆಲಸ ಮಾಡುವವರಿಗೆ ತಾನಾಗಿಯೇ ತಿಳಿಯುತ್ತದೆಯೇ? ಬಣ್ಣದ ಬಟ್ಟೆಗೆ ಬ್ಲೀಚ್ ತಗುಲಿದರೆ ಕಲೆಯಾಗುತ್ತದೆ ಎಂಬುದು ಸಣ್ಣ ಹಾನಿ, ಒಂದೆರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನು ತೆಗೆಯಬಹುದು. ಬಿಸಿಲಿನಲ್ಲಿ ಇಟ್ಟರೆ ಸತ್ವ ಇಳಿಯುತ್ತದೆ ಎಂಬುದು ಉಗ್ರಾಣದ ಗೋಡೆಗೆ ಸೇರಿದ್ದು, ಶೌಚಾಲಯದ ಬಾಗಿಲಿಗಲ್ಲ. ಕೊಳವೆಯೊಳಗಿನ ನೀರಿನಲ್ಲಿ ಉಳಿದ ಆಸಿಡ್ ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಹಾನಿಯೂ ದೊಡ್ಡದು. ಅದು ಪೂರ್ತಿಯಾಗಿ, ಕಾರಣದ ಸಮೇತ ಉಳಿಯಬೇಕು. ಕಾರಣವನ್ನು ಬಿಡಬಾರದು ಎನ್ನುವುದು ಇದಕ್ಕೇ: ಕಾರಣ ತಿಳಿದವರು ಹಾಳೆಯಲ್ಲಿ ಹೆಸರಿಲ್ಲದ ಇನ್ನೊಂದು ಆಸಿಡ್ ಸೀಸೆ ಕೈಗೆ ಬಂದಾಗಲೂ ಕೈ ತಡೆಯಬಲ್ಲರು.

ಕ್ಯಾನಿನ ಮೇಲೆ ಲೇಬಲ್ ಇದೆಯಲ್ಲ, ಚಿತ್ರಗಳೂ ಇವೆಯಲ್ಲ ಎಂಬ ಇನ್ನೊಂದು ವಾದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕ್ಯಾನು ಉಗ್ರಾಣದಲ್ಲಿ ಉಳಿದು, ದ್ರಾವಣ ಹಳೆಯ ನೀರಿನ ಬಾಟಲಿಯಲ್ಲಿ ಮಹಡಿ ಹತ್ತುತ್ತದೆ. ಕೈ ಮತ್ತು ಲೋಹವನ್ನು ಸುಡುವ ದ್ರವದ ಚಿತ್ರ ಸುಡುವಿಕೆಯನ್ನಷ್ಟೇ ಹೇಳುತ್ತದೆ. ಯಾವುದರ ನಂತರ ಯಾವುದನ್ನು ಹಾಕಬಾರದು ಎಂದು ಹೇಳಬಲ್ಲ ಚಿತ್ರ ಅಂತರರಾಷ್ಟ್ರೀಯ ಲೇಬಲ್ ಪದ್ಧತಿಯ ಒಂಬತ್ತು ಚಿತ್ರಗಳಲ್ಲಿ ಇಲ್ಲ.

ಹಾಗಾದರೆ ಆ ಸಾಲು ಹೇಗಿರಬೇಕು? ಮೂಲಕ್ಕಿಂತ ಚಿಕ್ಕದಾಗಿ, ಮೂಲಕ್ಕಿಂತ ಬಿಗಿಯಾಗಿ ಬರೆಯಲು ಸಾಧ್ಯವಿದೆ. ಬ್ಲೀಚ್ ಹಾಕುವ ಹಂತದ ಹಿಂದಿನ ಸಾಲಿನಲ್ಲೇ: ‘ಈ ಕಮೋಡಿಗೆ ಇವತ್ತು ಆಸಿಡ್ ಹಾಕಿದ್ದರೆ ಇವತ್ತು ಬ್ಲೀಚ್ ಬೇಡ. ಎರಡೂ ಸೇರಿದರೆ ಉಸಿರು ಕಟ್ಟಿಸುವ ವಿಷದ ಗಾಳಿ ಏಳುತ್ತದೆ.’ ಪೂರ್ತಿ ಹೋಗುವವರೆಗೆ ತೊಳೆಯಿರಿ ಎಂಬ ಅಳೆಯಲಾಗದ ಷರತ್ತಿನ ಬದಲು ದಿನ ಎಂಬ ಅಳತೆ ಬಂದಿದೆ, ನಡುವೆ ಹಲವು ಸಲ ನೀರು ಹರಿಯುವುದರಿಂದ ಕೊಳವೆಯ ನೀರೂ ಬದಲಾಗಿರುತ್ತದೆ. ಸಂಕ್ಷೇಪದಲ್ಲಿ ಎಚ್ಚರಿಕೆಯ ಅರ್ಥ ಬದಲಾಗಲೇಬೇಕಾದರೆ ಬಿಗಿಯ ಕಡೆಗೆ ಬದಲಾಗಲಿ, ಸಡಿಲದ ಕಡೆಗೆ ಬೇಡ. ಪಾಲಿಸಲಾಗದಷ್ಟು ಬಿಗಿ ಮಾಡಿದರೆ ಜನ ಅದನ್ನು ಮುರಿಯುತ್ತಾರೆ ಎಂಬ ಮಾತಿನಲ್ಲಿ ಹುರುಳಿದೆ. ದಿನಕ್ಕೆ ಮೂರು ಸಲ ತೊಳೆಯಬೇಕಾದ ವಾರ್ಡಿನಲ್ಲಿ ಈ ಸಾಲು ನಡೆಯಬೇಕಾದರೆ ಆಸಿಡ್ಡಿಗೆ ವಾರದ ಒಂದು ದಿನವನ್ನೇ ಗೊತ್ತುಮಾಡಬೇಕಾಗುತ್ತದೆ. ಜೊತೆಗೆ ಅನಿಲ ಉಸಿರಾಡಿದವರ ಕುರಿತ ಸಾಲು ‘ಗಾಳಿಗೆ ಬನ್ನಿ’ ಎಂಬಲ್ಲಿ ನಿಲ್ಲಬಾರದು. ‘ಕೆಮ್ಮು ಕಡಿಮೆಯಾದರೂ ಡಾಕ್ಟರಿಗೆ ತೋರಿಸಿ, ಗಂಟೆಗಳ ನಂತರ ಉಸಿರಾಟ ಕೆಡಬಹುದು’ ಎಂಬ ಭಾಗವೇ ಉದ್ದವೆಂದು ಮೊದಲು ಕತ್ತರಿಗೆ ಸಿಗುತ್ತದೆ, ಆದರೆ ಚೇತರಿಸಿಕೊಂಡೆನೆಂದು ಮನೆಗೆ ಹೋಗುವವರನ್ನು ತಡೆಯುವ ಮಾತು ಹಾಳೆಯಲ್ಲಿ ಅದೊಂದೇ.

ಬರೆದಾದ ಮೇಲೆ ಮೂಲದ ಪ್ರತಿ ಎಚ್ಚರಿಕೆಗೂ ಒಂದು ಸಂಖ್ಯೆ ಕೊಟ್ಟು, ಕಿರಿದಾದ ಹಾಳೆಯಲ್ಲಿ ಅದು ಯಾವ ಸಾಲಿಗೆ ಹೋಯಿತು, ಇಲ್ಲವಾದರೆ ಯಾವ ಕಾರಣಕ್ಕೆ ಕೈಬಿಟ್ಟೆವು ಎಂದು ಪಕ್ಕದಲ್ಲಿ ಬರೆಯಬೇಕು. ನಂತರ ಹಾಳೆಯನ್ನು ಕೆಲಸಗಾರರೊಬ್ಬರಿಗೆ ಕೊಟ್ಟು ‘ಅರ್ಥವಾಯಿತೇ?’ ಎಂದು ಕೇಳುವುದು ಬೇಡ, ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. ‘ಬೆಳಿಗ್ಗೆ ಆಸಿಡ್ ಹಾಕಿದ್ದೀರಿ, ಈಗ ವಾಸನೆ ಬರುತ್ತಿದೆ, ಏನು ಮಾಡುತ್ತೀರಿ?’ ಎಂದು ಕೇಳಬೇಕು. ಈ ಪ್ರಶ್ನೆಯೇ ಹಾಳೆಯ ಮಿತಿಯನ್ನೂ ಹೊರಗೆಡಹುತ್ತದೆ. ಬೆಳಗಿನ ಪಾಳಿಯವರು ಆಸಿಡ್ ಹಾಕಿ ಹೋಗಿದ್ದರೆ ಮಧ್ಯಾಹ್ನದ ಪಾಳಿಯವರಿಗೆ ಅದು ತಿಳಿಯುವ ದಾರಿಯೇ ಇಲ್ಲ, ಎಷ್ಟು ಚೆನ್ನಾಗಿ ಬರೆದ ಸಾಲೂ ಅವರಿಗೆ ಉತ್ತರ ಕೊಡಲಾರದು. ಶೌಚಾಲಯದ ಬಾಗಿಲ ಹಿಂದೆ ಸಮಯ ಬರೆದು ಸಹಿ ಹಾಕುವ ಪಟ್ಟಿ ಹಲವು ಕಡೆ ಈಗಾಗಲೇ ತೂಗುತ್ತಿರುತ್ತದೆ. ಅದರಲ್ಲಿ ‘ಆಸಿಡ್ ಹಾಕಿದೆ’ ಎಂಬ ಇನ್ನೊಂದು ಮನೆ ಎಳೆದರೆ ಮಧ್ಯಾಹ್ನ ಬಂದವರು ಬ್ಲೀಚ್ ಬಾಟಲಿಯ ಮುಚ್ಚಳ ತೆಗೆಯುವ ಮುನ್ನ ಅಲ್ಲಿ ನೋಡಬಹುದು.