ಮುದಿನಾಯಿಗಳ ಮರೆಗುಳಿ ರೋಗ

ವೃದ್ಧಾಪ್ಯವನ್ನು ಮುಟ್ಟಿದ ನಾಯಿಗಳಲ್ಲಿ ಸ್ಮೃತಿಯೂ ದಿಗ್‌ಜ್ಞಾನವೂ ಚಿರಾಭ್ಯಾಸಗಳೂ ಮೆಲ್ಲಮೆಲ್ಲನೆ ಶಿಥಿಲವಾಗುತ್ತ ಹೋಗುವ ಮೆದುಳಿನ ವ್ಯಾಧಿ. ಮೆದುಳಿನ ಹೊರಪದರವು ಕ್ಷೀಣಿಸಿ, ಒಳಗಣ ದ್ರವಕುಹರಗಳು ಹಿಗ್ಗಿ, ಮನುಷ್ಯರ ಆಲ್‌ಝೈಮರ್ ರೋಗದಲ್ಲಿ ಕಾಣುವ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನು ಇಲ್ಲಿಯೂ ಸಂಚಯವಾಗಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 11–12 ವರ್ಷದ ನಾಯಿಗಳ ಪೈಕಿ ಶೇ. 28ರಷ್ಟು, 15–16 ವರ್ಷದವುಗಳ ಪೈಕಿ ಶೇ. 68ರಷ್ಟು ಇದರ ಒಂದಾದರೂ ಲಕ್ಷಣವನ್ನು ತೋರಿದ್ದುವು.

ಬೆಳೆದ ಮನೆಯಲ್ಲಿಯೇ ದಿಕ್ಕುಗೆಟ್ಟು ಗೋಡೆಗೆ ಮುಖಮಾಡಿ ನಿಲ್ಲುವುದು, ಬಾಗಿಲು ತೆರೆದುಕೊಳ್ಳುವ ಕಡೆಯನ್ನು ಬಿಟ್ಟು ತಿರುಗಣಿಯ ಕಡೆಯಲ್ಲಿ ಕಾಯುವುದು, ಮನೆಯವರು ಬಂದರೂ ಎದ್ದು ಬಾರದಿರುವುದು, ಹಗಲೆಲ್ಲ ನಿದ್ರಿಸಿ ರಾತ್ರಿ ಅಲೆಯುವುದು, ಒಳಗೇ ಮೂತ್ರ ಮಾಡುವುದು ಇದರ ಪ್ರಧಾನ ಚಿಹ್ನೆಗಳು. ಆದರೆ ಇವುಗಳಲ್ಲಿ ಯಾವೊಂದೂ ಈ ರೋಗಕ್ಕೇ ಮೀಸಲಾದುದಲ್ಲ. ರೋಗವನ್ನು ನೇರವಾಗಿ ದೃಢಪಡಿಸುವ ರಕ್ತಪರೀಕ್ಷೆಯೊಂದು ವೈದ್ಯರ ವಾಡಿಕೆಯಲ್ಲಿ ಇಲ್ಲವಾದ್ದರಿಂದ, ಅನ್ಯ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆಯೇ ಈ ಹೆಸರನ್ನು ಹೇಳತಕ್ಕದ್ದು. ಆ ಕಾರಣಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ನೋವು.

ಉದಾಹರಣೆಗೆ, 13 ವರ್ಷ ವಯಸ್ಸಿನ, 25 ಕಿಲೋ ತೂಕದ ಲ್ಯಾಬ್ರಡಾರ್ ಒಂದು ನಡುರಾತ್ರಿ ಎದ್ದು ಕುಂಯ್‌ಗುಡುತ್ತ ತಿರುಗಾಡಿ, ಬಾಗಿಲ ಬಳಿ ಮೂತ್ರ ಮಾಡುತ್ತದೆಯೆನ್ನೋಣ. ಅದು ಮಲಗುವ ಮುನ್ನ ಬಹಳ ಹೊತ್ತು ಅನುಮಾನಿಸಿ ನಿಂತರೆ, ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ ಹಿಂಭಾಗವನ್ನು ಎಳೆದುಕೊಂಡರೆ, ಹಿಂಗಾಲಿನ ಉಗುರುಗಳು ಒಂದೇ ಬದಿಗೆ ಸವೆದಿದ್ದರೆ, ವೈದ್ಯರು ಆ ಕಾಲನ್ನು ಹಿಂದಕ್ಕೆ ಚಾಚಿದಾಗ ಚಟ್ಟನೆ ತಲೆ ತಿರುಗಿಸಿದರೆ, ಅದನ್ನು ಎಬ್ಬಿಸುತ್ತಿರುವುದು ಸೊಂಟದ ಕೀಲಿನ ಸಂಧಿವಾತವೇ ಇರಬಹುದು. ಹೊರಗೆ ಹೋಗಬೇಕೆಂಬ ನೆನಪಿದ್ದರೂ ಮೆಟ್ಟಿಲಿಳಿಯಲಾರದೆ ಒಳಗೇ ಒದ್ದೆ ಮಾಡಿರಬಹುದು. ಆ ನಾಯಿ ದಿನಕ್ಕೆ ಎರಡೂವರೆ ಲೀಟರಿಗಿಂತ ಹೆಚ್ಚು ನೀರು ಕುಡಿಯುತ್ತಿದ್ದರೆ ಮೂತ್ರಪಿಂಡ, ಮಧುಮೇಹ, ಅಡ್ರಿನಲ್ ಗ್ರಂಥಿಯ ವಿಕಾರಗಳ ಶೋಧನೆ ಅಗತ್ಯ. ಮೂತ್ರದ ಸೋಂಕು, ರಕ್ತದ ಒತ್ತಡ, ಥೈರಾಯ್ಡ್, ಹಲ್ಲು, ದೃಷ್ಟಿ, ಶ್ರವಣಗಳನ್ನೂ ನೋಡಬೇಕು. ಒಂದೇ ದಿನದಲ್ಲಿ ತಲೆ ವಾಲಿ ಕಣ್ಣುಗುಡ್ಡೆ ಅದುರತೊಡಗಿದರೆ, ಇಲ್ಲವೆ ಹೊಸದಾಗಿ ಫಿಟ್ಸ್ ಬಂದರೆ, ಅದು ಬೇರೆಯೇ ವ್ಯಾಧಿ. ಮರೆಗುಳಿತನ ತಿಂಗಳುಗಟ್ಟಲೆ ನಿಧಾನವಾಗಿ ಬರುವಂಥದು.

ಪರೀಕ್ಷೆಯಿಂದಲೂ ಸಂಶಯ ತೀರದಿದ್ದಾಗ, ಮೂತ್ರಪಿಂಡ, ಯಕೃತ್ತುಗಳು ಸರಿಯಾಗಿವೆಯೆಂದು ಖಚಿತಪಡಿಸಿಕೊಂಡು, ಮೆಲಾಕ್ಸಿಕಾಮ್‌ನಂಥ ನೋವುಶಾಮಕವನ್ನು ವೈದ್ಯರು ಕೆಲವು ವಾರ ಕೊಟ್ಟುನೋಡುತ್ತಾರೆ. ಮನೆಮಂದಿಯ ಐಬುಪ್ರೊಫೇನ್, ಪ್ಯಾರಸಿಟಮಾಲ್ ಮಾತ್ರೆಗಳನ್ನು ತಾವಾಗಿಯೇ ಕೊಡಬಾರದು. ಅವು ನಾಯಿಗೆ ವಿಷವಾಗಬಲ್ಲವು. ರಾತ್ರಿಯ ಅಲೆದಾಟ ನಿಂತರೆ ನೋವೇ ಮೂಲವೆಂದು ಬಲವಾಗಿ ಊಹಿಸಬಹುದು. ನಡಿಗೆ ಸುಧಾರಿಸಿಯೂ ಗೋಡೆಯನ್ನು ದಿಟ್ಟಿಸುವುದು ಉಳಿದರೆ ಎರಡು ರೋಗಗಳೂ ಜೊತೆಗಿರುವ ಸಂಭವವುಂಟು, ಮುದಿತನದಲ್ಲಿ ಇದು ಅಪರೂಪವೇನೂ ಅಲ್ಲ. ಆಗ ಸೆಲಿಜಿಲೀನ್ ಔಷಧವನ್ನು ಬೆಳಗಿನ ಹೊತ್ತು ಕೊಡುವ ಕ್ರಮವಿದೆ. ಗುಣ ಕಾಣಲು ತಿಂಗಳೋ ಅದಕ್ಕೂ ಹೆಚ್ಚೋ ಬೇಕು, ಮತ್ತು ಟ್ರಮಡಾಲ್ ನೋವುಶಾಮಕದೊಡನೆ ಅದನ್ನು ಬೆರೆಸಲಾಗದು. ರೋಗ ವಾಸಿಯಾಗುವುದಿಲ್ಲ, ಆದರೆ ರಾತ್ರಿದೀಪವನ್ನು ಉರಿಸಿಟ್ಟು, ನುಣುಪು ನೆಲಕ್ಕೆ ಚಾಪೆ ಹಾಸಿ, ಮಂಚ ಮೇಜುಗಳನ್ನು ಇದ್ದಲ್ಲಿಯೇ ಇರಿಸಿದರೆ ನಾಯಿಯ ಗಾಬರಿ ಬಹುಮಟ್ಟಿಗೆ ತಗ್ಗುತ್ತದೆ.